ಗರ್ಭಕೋಶ ತೆಗೆಸಿದ ಮೇಲೂ ತಿಂಗಳ ತಾಪತ್ರಯ: ಪದೇ ಪದೇ ಕೇಳುವ ಪ್ರಶ್ನೆಗಳು

"ಡಾಕ್ಟ್ರೇ, ಗರ್ಭಕೋಶ ತೆಗೆಸಿ ವರ್ಷ ಆಗ್ತಾ ಬಂತು. ಆದ್ರೂ ತಿಂಗಳಿಗೊಂದು ಸಲ ಹಳೇ ಥರಾನೇ ಆಗುತ್ತೆ." ಸ್ತ್ರೀರೋಗ ಒಪಿಡಿಯಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಹೇಳುವಾಗ ಹೆಚ್ಚಿನವರು ದನಿ ತಗ್ಗಿಸುತ್ತಾರೆ, ತಮಗೇ ಏನೋ ಭ್ರಮೆ ಇರಬೇಕು ಅನ್ನುವ ಹಾಗೆ. ಕೆಲವರು ಎದ್ದು ಹೊರಟು, ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸುತ್ತಾರೆ: "ಒಂದೆರಡು ಸಲ ಬಟ್ಟೆಗೆ ರಕ್ತದ ಕಲೆನೂ ಆಗಿತ್ತು."

ಮೊದಲನೆಯದು ಆಗುವಂಥದ್ದೇ. ಎರಡನೆಯದು ಪರೀಕ್ಷೆ ಮಾಡಿ ನೋಡಲೇಬೇಕಾದದ್ದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ "ಮುಟ್ಟು ವಾಪಸ್ ಬಂದಿರಬೇಕು" ಅಂದುಕೊಂಡು ಸುಮ್ಮನಾಗುವುದೇ ತಪ್ಪಾಗುವ ಜಾಗ. ಈ ಪುಟ, ಗರ್ಭಕೋಶ ತೆಗೆಸಿ ಒಂದಾದರೂ ಓವರಿ, ಅಂದರೆ ಅಂಡಾಶಯ, ಉಳಿಸಿಕೊಂಡವರಿಗೆ. ಎರಡೂ ಓವರಿ ತೆಗೆಸಿದವರ ಕಥೆ ಬೇರೆ.

ಗರ್ಭಕೋಶವೇ ಇಲ್ಲ, ಮುಟ್ಟೂ ಇಲ್ಲ. ಮತ್ತೆ ತಿಂಗಳಿಗೊಮ್ಮೆ ಎದೆ ಭಾರ, ಹೊಟ್ಟೆ ಉಬ್ಬರ, ಸಿಡಿಮಿಡಿ ಯಾಕೆ?

ಮುಟ್ಟಿನ ಗಡಿಯಾರ ಗರ್ಭಕೋಶದಲ್ಲಿ ಇಲ್ಲ. ಅದು ಮೆದುಳು ಮತ್ತು ಓವರಿ ಸೇರಿ ನಡೆಸುವ ಲೆಕ್ಕ. ಗರ್ಭಕೋಶ ಆ ಲೆಕ್ಕವನ್ನು ರಕ್ತದ ರೂಪದಲ್ಲಿ ಹೊರಗೆ ತೋರಿಸುತ್ತಿತ್ತು, ಅಷ್ಟೇ. ತೋರಿಸುವ ಮುಳ್ಳು ಹೋಯಿತು, ಒಳಗಿನ ಯಂತ್ರ ಓಡುತ್ತಲೇ ಇದೆ.

ಹಾಗಾಗಿ ಪ್ರತಿ ತಿಂಗಳೂ ಒಂದು ಅಂಡ ಬಲಿಯುತ್ತದೆ, ಬಿಡುಗಡೆಯಾಗುತ್ತದೆ. ಆಮೇಲಿನ ಸುಮಾರು ಎರಡು ವಾರ ಓವರಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಜಾಸ್ತಿ ಮಾಡುತ್ತದೆ. ಎದೆ ಬಿಗಿಯುವುದು, ಹೊಟ್ಟೆ ಉಬ್ಬುವುದು, ನಿದ್ದೆ ಕೆಡುವುದು, ಸಣ್ಣ ಮಾತಿಗೂ ಕಣ್ಣೀರು ಅಥವಾ ಕೋಪ ಬರುವುದು ಈ ಎರಡು ವಾರದ ಕೊನೆಯಲ್ಲಿ. ಆಪರೇಷನ್‌ಗೆ ಮುಂಚೆ ನಿಮಗೆ ಮುಟ್ಟಿನ ಹಿಂದಿನ ವಾರ ಏನೇನು ಆಗುತ್ತಿತ್ತೋ, ಈಗಲೂ ಅದೇ ಆಗಬಹುದು. ಒಂದೇ ವ್ಯತ್ಯಾಸ: ಆಗ ರಕ್ತ ಕಂಡ ಕೂಡಲೇ "ಓ, ಇದಕ್ಕೇನಾ" ಅಂತ ಗೊತ್ತಾಗುತ್ತಿತ್ತು. ಈಗ ಹಾಗೆ ಹೇಳುವವರಿಲ್ಲ.

ಗರ್ಭಕೋಶ ತೆಗೆಸಿ ಓವರಿ ಉಳಿಸಿಕೊಂಡವರಲ್ಲಿ ಈ ತೊಂದರೆ ಮುಂದುವರಿಯುತ್ತದೆ ಅಂತ ವೈದ್ಯರು 1981ರಲ್ಲೇ ಬರೆದಿದ್ದಾರೆ. ಆದರೂ ಡಿಸ್ಚಾರ್ಜ್ ದಿನ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದ್ದರೆ ಎಷ್ಟೋ ಜನ ವರ್ಷಗಟ್ಟಲೆ ತಮ್ಮ ಸ್ವಭಾವವೇ ಕೆಟ್ಟಿತು ಅಂದುಕೊಳ್ಳುತ್ತಿರಲಿಲ್ಲ.

ಹಾರ್ಮೋನ್ ಟೆಸ್ಟ್ ಮಾಡಿಸಿದೆ, ಎಲ್ಲ ನಾರ್ಮಲ್. ಹಾಗಾದರೆ ಇದು ನನ್ನ ಮನಸ್ಸಿನ ಸೃಷ್ಟಿಯಾ?

ಅಲ್ಲ. ಇಲ್ಲಿ ಹಾರ್ಮೋನಿನ ಮಟ್ಟ ತಪ್ಪಿರುವುದಿಲ್ಲ. ಸರಿಯಾದ ಮಟ್ಟದ ಏರಿಳಿತಕ್ಕೇ ಕೆಲವರ ಮೆದುಳು ಜಾಸ್ತಿ ಸ್ಪಂದಿಸುತ್ತದೆ.

1998ರಲ್ಲಿ ಅಮೆರಿಕದಲ್ಲಿ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದರು. ಮುಟ್ಟಿನ ಮುಂಚೆ ತೀವ್ರ ತೊಂದರೆ ಇದ್ದ ಹೆಂಗಸರಿಗೆ ಇಂಜೆಕ್ಷನ್ ಕೊಟ್ಟು ಓವರಿಯ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಹಲವರಿಗೆ ಆರಾಮವಾಯಿತು. ಆರಾಮವಾದವರಿಗೆ ಸಾಮಾನ್ಯ ಪ್ರಮಾಣದ ಹಾರ್ಮೋನನ್ನೇ ಹೊರಗಿನಿಂದ ಕೊಟ್ಟಾಗ ಹಳೆಯ ಬೇಸರ, ಕೋಪ ಮರಳಿದವು. ಅಂಥ ತೊಂದರೆಯೇ ಇಲ್ಲದ ಹೆಂಗಸರಿಗೂ ಅದೇ ಹಾರ್ಮೋನು ಕೊಟ್ಟರು. ಅವರ ಮನಸ್ಸಿಗೆ ಏನೂ ಆಗಲಿಲ್ಲ. ಒಂದೇ ಹುಳಿ ಸಾರು ಒಬ್ಬರಿಗೆ ಎದೆ ಉರಿ ತರುತ್ತದೆ, ಪಕ್ಕದವರಿಗೆ ಏನೂ ಮಾಡುವುದಿಲ್ಲ, ಅಲ್ವಾ? ಆ ಥರ.

ಆದ್ದರಿಂದ ಮನಸ್ಸಿನ ಏರುಪೇರಿಗೆ ಕಾರಣ ಹುಡುಕಲು ಒಂದು ದಿನದ ಹಾರ್ಮೋನ್ ಟೆಸ್ಟ್‌ನಿಂದ ದೊಡ್ಡ ಉಪಯೋಗವಿಲ್ಲ. ಉಪಯೋಗವಿರುವುದು ಕ್ಯಾಲೆಂಡರಿನಿಂದ.

ಮುಟ್ಟೇ ಆಗದಿದ್ದರೆ ತಿಂಗಳ ಲೆಕ್ಕ ಇಡೋದು ಹೇಗೆ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ನನ್ನ ಹತ್ತಿರ ಬಂದಿದ್ದ ಒಬ್ಬ ಟೀಚರ್ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಅವರಿಗೆ 42 ವರ್ಷ. ಫೈಬ್ರಾಯ್ಡ್ ಗಡ್ಡೆಗೆಂದು ಗರ್ಭಕೋಶ, ಅದರ ಬಾಯಿ, ಅಂಡ ಸಾಗುವ ಎರಡೂ ಟ್ಯೂಬ್ ತೆಗೆಸಿ ಏಳು ತಿಂಗಳಾಗಿತ್ತು. ಓವರಿ ಎರಡೂ ಇದ್ದವು. ತಿಂಗಳಲ್ಲಿ ಒಂದು ವಾರ ಮನೆಯಲ್ಲಿ ಯಾರ ಜೊತೆಗೂ ಮಾತು ಸರಿಹೋಗುತ್ತಿರಲಿಲ್ಲ. ಅತ್ತೆ ಇದಕ್ಕೆ ಕಾರಣ ಕಂಡುಹಿಡಿದಾಗಿತ್ತು: "ಅಮಾವಾಸ್ಯೆ ಹತ್ರ ಬಂದ್ರೆ ಇವಳಿಗೆ ಹಿಂಗೇ." ಸೊಸೆಗೂ ಅದು ಅರ್ಧ ನಿಜ ಅನ್ನಿಸಿತ್ತು.

ಅಡುಗೆಮನೆಯಲ್ಲಿ ತೂಗುಹಾಕಿದ ತಿಥಿ ನಕ್ಷತ್ರದ ಕ್ಯಾಲೆಂಡರಿನಲ್ಲೇ ಗುರುತು ಹಾಕಲು ಹೇಳಿದೆ. ದಿನಾ ರಾತ್ರಿ, ಮಲಗುವ ಮುಂಚೆ. ಕೋಪಕ್ಕೆ "ಕೋ", ಎದೆ ಭಾರಕ್ಕೆ "ಎ", ಹೊಟ್ಟೆ ಉಬ್ಬರಕ್ಕೆ "ಹೊ". ಪಕ್ಕದಲ್ಲಿ 0ರಿಂದ 3ರವರೆಗೆ ಅಂಕಿ. ಏನೂ ಇಲ್ಲದ ದಿನ 0 ಬರೆಯಲೇಬೇಕು, ಖಾಲಿ ಬಿಡಬಾರದು. ಚೆನ್ನಾಗಿದ್ದ ದಿನಗಳೂ ಕೆಟ್ಟ ದಿನಗಳಷ್ಟೇ ಮುಖ್ಯ. ರಕ್ತ ಕಂಡರೆ ಕೆಂಪು ಪೆನ್ನಿನ ಚುಕ್ಕೆ. ವಾರಕ್ಕೊಮ್ಮೆ ಕೂತು ನೆನಪಿನಿಂದ ತುಂಬಿಸುವುದು ಬೇಡ, ನೆನಪು ಮೋಸ ಮಾಡುತ್ತದೆ.

ಮೈ ಮನಸ್ಸು ದಿಢೀರನೆ ಹಗುರಾದ ದಿನಕ್ಕೆ ಅವರೇ ಒಂದು ಸುತ್ತು ಹಾಕಿದರು. ಆ ಸುತ್ತುಗಳು ಬಂದದ್ದು ಜೂನ್ 4, ಜೂನ್ 30, ಜುಲೈ 26, ಆಗಸ್ಟ್ 21ಕ್ಕೆ. ನಡುವೆ ಇರುವುದು 26 ದಿನ, ಪ್ರತಿ ಸಲವೂ. ಪ್ರತಿ ಸುತ್ತಿನ ಹಿಂದೆ ಏಳೆಂಟು ದಿನ ಕೋ 2, ಕೋ 3. ಸುತ್ತು ದಾಟಿದ ಮೇಲೆ ಹತ್ತು ಹನ್ನೆರಡು ದಿನ ಬರೀ ಸೊನ್ನೆ. ಆ ಹಗುರಾಗುವ ದಿನವೇ, ಒಂದೆರಡು ದಿನ ಹಿಂದೆ ಮುಂದೆ, ಹಳೆಯ ಲೆಕ್ಕದಲ್ಲಿ ಮುಟ್ಟು ಬರಬೇಕಾಗಿದ್ದ ದಿನ. ಆಪರೇಷನ್‌ಗೆ ಮುಂಚೆ ಎಷ್ಟು ದಿನಕ್ಕೆ ಮುಟ್ಟಾಗುತ್ತಿತ್ತು ಅಂತ ಕೇಳಿದೆ. "26, 27" ಅಂದರು.

ಅಮಾವಾಸ್ಯೆ? ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇರುವುದು ಇಪ್ಪತ್ತೊಂಬತ್ತೂವರೆ ದಿನ. ಇವರದ್ದು 26. ಅಂದರೆ ಪ್ರತಿ ಸಲವೂ ಮೂರೂವರೆ ದಿನ ಹಿಂದೆ ಸರಿಯುತ್ತದೆ. ಮೇ ಕೊನೆಯಲ್ಲಿ ಅಮಾವಾಸ್ಯೆಗೆ ಅಂಟಿಕೊಂಡಿದ್ದ ಕೋಪದ ದಿನಗಳು, ಮೂರು ಸುತ್ತು ಆಗುವಷ್ಟರಲ್ಲಿ ಹತ್ತು ದಿನ ಮುಂಚೆಯೇ ಬಂದು ಹೋಗಿದ್ದವು. ಅದೇ ಕ್ಯಾಲೆಂಡರಿನ ಕಪ್ಪು ಉಂಡೆಯೇ ಸಾಕ್ಷಿ ಹೇಳಿತು. ಅತ್ತೆಗೂ ತೋರಿಸಿದರಂತೆ.

ನೀವೂ ಹೀಗೆ ಕನಿಷ್ಠ ಎರಡು ಸುತ್ತು, ಸಾಧ್ಯವಾದರೆ ಮೂರು ಸುತ್ತು ಬರೆಯಿರಿ. ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇದ್ದು, ಪ್ರತಿ ಸುತ್ತಿನಲ್ಲೂ ಒಂದು ವಾರವಾದರೂ ನಿಜವಾಗಿ ಚೆನ್ನಾಗಿರುವ ದಿನಗಳಿದ್ದರೆ, ಅದು ಓವರಿಯ ಲೆಕ್ಕ. ತಿಂಗಳಿಡೀ 2, 3 ಇದ್ದು ಕೊನೆಯ ವಾರ ಇನ್ನೂ ಕೆಡುತ್ತಿದ್ದರೆ ಅದು ಬೇರೆ ಚಿತ್ರ: ಖಿನ್ನತೆ, ಆತಂಕ, ಥೈರಾಯ್ಡ್ ಅಥವಾ ರಕ್ತಹೀನತೆ ಒಳಗಿದ್ದು, ಅದರ ಮೇಲೆ ಓವರಿಯ ಅಲೆ ಬಂದು ಬಡಿಯುತ್ತಿರಬಹುದು. ಅದಕ್ಕೆ ಬೇರೆ ಚಿಕಿತ್ಸೆ.

ಇನ್ನೂ ಖಚಿತ ಬೇಕು ಅನ್ನುವವರು ಎದೆ ಭಾರ ಶುರುವಾದ ದಿನಗಳಲ್ಲಿ ಒಮ್ಮೆ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ ಮಾಡಿಸಬಹುದು. ಮಿಲಿಲೀಟರಿಗೆ 3 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದರೆ ಆ ತಿಂಗಳು ಅಂಡ ಬಿಡುಗಡೆಯಾಗಿದೆ ಅಂತ ಅರ್ಥ. ತೊಂದರೆಯ ತೀವ್ರತೆಯನ್ನು ಆ ಅಂಕಿ ಹೇಳುವುದಿಲ್ಲ.

ಮನಸ್ಸಿನದ್ದು ಸರಿ. ಕಿಬ್ಬೊಟ್ಟೆ ನೋವು ಯಾಕೆ? ಒಳಗೆ ಏನೂ ಇಲ್ವಲ್ಲ.

ಓವರಿ ಇದೆಯಲ್ಲ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಅದರ ಗುಳ್ಳೆ ಸುಮಾರು 2 ಸೆಂಟಿಮೀಟರ್ ಆಗಿರುತ್ತದೆ. ಅದು ಒಡೆಯುವಾಗ ಒಂದು ಪಕ್ಕಕ್ಕೆ ಚುಚ್ಚಿದ ಹಾಗೆ ನೋವು ಬರಬಹುದು. ಕೆಲವು ಗಂಟೆ, ಹೆಚ್ಚೆಂದರೆ ಎರಡು ದಿನ. ನಿಮ್ಮ ಕ್ಯಾಲೆಂಡರಿನಲ್ಲಿ ಅದು ಹಗುರಾಗುವ ದಿನಕ್ಕಿಂತ ಸುಮಾರು ಎರಡು ವಾರ ಮುಂಚೆ ಬೀಳುತ್ತದೆ. ಬಿಸಿನೀರಿನ ಚೀಲ, ಒಂದು ಪ್ಯಾರಾಸಿಟಮಾಲ್ ಸಾಕಾಗುತ್ತದೆ.

ಸುಲಭಕ್ಕೆ ಬಿಡದ ನೋವು ಇನ್ನೊಂದಿದೆ. ಆಪರೇಷನ್ ಆದ ಜಾಗದಲ್ಲಿ ಗಾಯ ಮಾಯುವಾಗ ಓವರಿ ಪಕ್ಕದ ಗೋಡೆಗೋ, ಕರುಳಿಗೋ, ಯೋನಿಯ ಮೇಲ್ತುದಿಯ ಹೊಲಿಗೆಗೋ ಅಂಟಿಕೊಳ್ಳಬಹುದು. ಸಡಿಲವಾಗಿ ತೂಗಾಡಬೇಕಾದ್ದು ಕಟ್ಟಿಹಾಕಿದ ಹಾಗೆ ಆಗುತ್ತದೆ. ಗುಳ್ಳೆ ಉಬ್ಬುವಾಗಲೆಲ್ಲ ಅಂಟು ಎಳೆಯುತ್ತದೆ. ಈ ನೋವು ಒಂದೇ ಪಕ್ಕ, ತಿಂಗಳು ತಿಂಗಳೂ ಅದೇ ಜಾಗ. ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ಯಾರೋ ಒತ್ತಿದ ಹಾಗೆ ಆಗುತ್ತದೆ. ಅದನ್ನು ಡಾಕ್ಟರಿಗೆ ಹೇಳಲು ನಾಚಿಕೆಪಟ್ಟು "ಬರೀ ಹೊಟ್ಟೆನೋವು" ಅಂದರೆ ಕಾರಣದ ಅರ್ಧ ಸುಳಿವು ಮುಚ್ಚಿಹೋಗುತ್ತದೆ.

ಮೂರನೆಯದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದಿದ್ದರೆ, ಗರ್ಭಕೋಶ ತೆಗೆದರೂ ಅದು ಉಳಿದಿರಬಹುದು, ಓವರಿ ಅದಕ್ಕೆ ಆಹಾರ ಹಾಕುತ್ತಲೇ ಇರುತ್ತದೆ. ಹಾಗಾಗಿ ಆಪರೇಷನ್ ಆದ ಮೇಲೆ ಕೊಟ್ಟ ಬಯಾಪ್ಸಿ ರಿಪೋರ್ಟನ್ನು ಕಳೆದುಕೊಳ್ಳಬೇಡಿ. ಡಿಸ್ಚಾರ್ಜ್ ಚೀಟಿ ಮತ್ತು ಆ ರಿಪೋರ್ಟ್, ಎರಡನ್ನೂ ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಿ.

ಒಂದು ನೋವಿಗೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರಬಾರದು. ಇದ್ದಕ್ಕಿದ್ದಂತೆ ಒಂದು ಪಕ್ಕ ತಡೆಯಲಾರದ ನೋವು, ಜೊತೆಗೆ ವಾಂತಿ: ಓವರಿ ತಿರುಚಿಕೊಂಡಿರಬಹುದು. ಅದಕ್ಕೆ ಆ ದಿನವೇ ಆಸ್ಪತ್ರೆ.

ಸ್ಕ್ಯಾನ್‌ನಲ್ಲಿ "3.5 ಸೆಂಟಿಮೀಟರ್ ಸಿಸ್ಟ್" ಅಂತ ಬಂದಿದೆ. ತೆಗೆಸಬೇಕಾ?

ಗಾಬರಿ ಬೇಡ. ನೀರು ತುಂಬಿದ ಸಾದಾ ಗುಳ್ಳೆಯಾಗಿದ್ದರೆ ಅದು ಓವರಿಯ ತಿಂಗಳ ಕೆಲಸದ ಕುರುಹು ಇರಬಹುದು. ಮುಟ್ಟಾಗುವವರಿಗೆ ಸ್ಕ್ಯಾನ್ ಮಾಡುವಾಗ "ಇವತ್ತು ಎಷ್ಟನೇ ದಿನ?" ಅಂತ ಕೇಳುತ್ತಾರೆ. ನಿಮ್ಮನ್ನು ಕೇಳುವುದಿಲ್ಲ, ಯಾಕೆಂದರೆ ಮುಟ್ಟಿಲ್ಲ. ಹಾಗಾಗಿ ನೀವೇ ಹೇಳಬೇಕು: "ಮೈ ಹಗುರಾಗಿ ಇಷ್ಟು ದಿನ ಆಯ್ತು." ಹಗುರಾದ ಮೇಲಿನ ಮೊದಲ ವಾರ ಸ್ಕ್ಯಾನ್ ಮಾಡಿಸಿದರೆ ಇಂಥ ತಾತ್ಕಾಲಿಕ ಗುಳ್ಳೆಗಳ ಗೊಂದಲ ಕಡಿಮೆ. 5 ಸೆಂಟಿಮೀಟರಿಗಿಂತ ಚಿಕ್ಕ ಸಾದಾ ಗುಳ್ಳೆ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ. ನೋವಿದ್ದರೆ ಅಥವಾ ಅನುಮಾನವಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಗುಳ್ಳೆಯೊಳಗೆ ಗಟ್ಟಿ ಭಾಗ, ಗೋಡೆಗಳು ಇವೆ ಅಂತ ಬರೆದಿದ್ದರೆ ಕಾಯುವ ಲೆಕ್ಕ ಬೇರೆ, ಡಾಕ್ಟರ್ ಹತ್ತಿರ ಮಾತಾಡಿ.

ಆಪರೇಷನ್ ಆಗಿ ಹತ್ತು ದಿನ. ಸ್ವಲ್ಪ ರಕ್ತ ಹೋಗ್ತಿದೆ. ಸರಿನಾ?

ಮೊದಲ ನಾಲ್ಕರಿಂದ ಆರು ವಾರ ತಿಳಿ ಕೆಂಪು ಅಥವಾ ಕಂದು ಬಣ್ಣದ ಕಲೆ ಆಗುವುದುಂಟು. ಯೋನಿಯ ಮೇಲ್ತುದಿಯಲ್ಲಿ ಹಾಕಿದ ಹೊಲಿಗೆ ಕರಗುವಾಗ, ನಡುವೆ ಒಂದೆರಡು ದಿನ ಸ್ವಲ್ಪ ಜಾಸ್ತಿಯೂ ಕಾಣಬಹುದು. ದಾರದ ತುಂಡು ಬಟ್ಟೆಗೆ ಬಂದರೂ ಹೆದರಬೇಡಿ.

ಆದರೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗಬೇಕು. ನಿಂತಿದ್ದದ್ದು ಮತ್ತೆ ಹೊಸ ಕೆಂಪಾಗಿ ಶುರುವಾದರೆ, ಕೆಟ್ಟ ವಾಸನೆ ಇದ್ದರೆ, ಜ್ವರ ಬಂದರೆ, ಆಪರೇಷನ್ ಮಾಡಿದವರಿಗೆ ಆ ದಿನವೇ ತೋರಿಸಿ. ಒಳಗೆ ರಕ್ತ ಕಟ್ಟಿ ಕೀವಾಗುವುದು, ಹೊಲಿಗೆಯ ಜಾಗದಿಂದ ಎರಡನೇ ವಾರದ ಸುಮಾರಿಗೆ ಮತ್ತೆ ರಕ್ತಸ್ರಾವ ಆಗುವುದು, ಇವು ಈ ಸಮಯದ ಗೊತ್ತಿರುವ ತೊಂದರೆಗಳು. "ಸುಸ್ತಿಗೆ ಹಂಗಾಗಿರ್ಬೇಕು, ಮಲಗು" ಅನ್ನುವ ಮಾತು ಕೇಳಬೇಡಿ.

ಏಳೆಂಟು ತಿಂಗಳಾದ ಮೇಲೆ ರಕ್ತದ ಕಲೆ ಕಂಡರೆ? ಓವರಿ ಇರೋದ್ರಿಂದ ಮುಟ್ಟು ಬಂದಿರಬಹುದಲ್ವಾ?

ಗರ್ಭಕೋಶವನ್ನೂ ಅದರ ಬಾಯಿಯನ್ನೂ ಪೂರ್ತಿ ತೆಗೆದಿದ್ದರೆ ಮುಟ್ಟು ಬರಲು ಸಾಧ್ಯವಿಲ್ಲ. ಓವರಿ ರಕ್ತ ಸುರಿಸುವುದಿಲ್ಲ. ಸುರಿಸುತ್ತಿದ್ದದ್ದು ಗರ್ಭಕೋಶದ ಒಳಪದರ, ಅದು ಈಗ ಇಲ್ಲ. ಗಾಯ ಮಾದ ಮೇಲೆ ಕಂಡ ರಕ್ತ ಎಷ್ಟೇ ಸ್ವಲ್ಪ ಇರಲಿ, ಅದಕ್ಕೆ ಬೇರೆ ಕಾರಣ ಇದೆ. ಒಮ್ಮೆ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಂ ಎಂಬ ಉಪಕರಣ ಒಳಗೆ ಇಟ್ಟು ನೋಡಬೇಕು. ಹೊಟ್ಟೆ ಮೇಲಿನ ಸ್ಕ್ಯಾನ್ ಒಂದನ್ನೇ ಮಾಡಿ "ಏನಿಲ್ಲ" ಅಂದರೆ ನೋಡಿದ ಹಾಗಾಗಲಿಲ್ಲ. ಆ ಕಲೆಯ ಜಾಗ ಸ್ಕ್ಯಾನಿಗೆ ಕಾಣುವುದಿಲ್ಲ, ಕಣ್ಣಿಗೆ ಕಾಣುತ್ತದೆ.

ಟೀಚರ್ ಕ್ಯಾಲೆಂಡರಿಗೆ ಮತ್ತೆ ಬರೋಣ. ಅದರಲ್ಲಿ ಮೂರು ಕೆಂಪು ಚುಕ್ಕೆ ಇದ್ದವು: ಜೂನ್ 12, ಜುಲೈ 17, ಆಗಸ್ಟ್ 2. ಅವರ ಲೆಕ್ಕದಲ್ಲಿ ಮುಟ್ಟು ಬರಬೇಕಾಗಿದ್ದದ್ದು ಜೂನ್ 30, ಜುಲೈ 26, ಆಗಸ್ಟ್ 21ರ ಸುಮಾರಿಗೆ. ಒಂದೂ ಹೊಂದುವುದಿಲ್ಲ. ಚುಕ್ಕೆಗಳ ನಡುವಿನ ಅಂತರವೂ 35 ದಿನ, 16 ದಿನ. ಬೇರೇನು ಆಗಿತ್ತು ಅಂತ ಕೇಳಿದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರರಲ್ಲಿ ಎರಡು ಸಲ ಹಿಂದಿನ ರಾತ್ರಿ ಗಂಡನ ಜೊತೆ ಸೇರಿದ್ದು ನೆನಪಿದೆ ಅಂದರು.

ಪರೀಕ್ಷೆ ಮಾಡಿದಾಗ ಹೊಲಿಗೆ ಗೆರೆಯ ಎಡ ಮೂಲೆಯಲ್ಲಿ ದಾಳಿಂಬೆ ಕಾಳಿನಷ್ಟು ಕೆಂಪಗಿನ ಮೆತ್ತನೆ ಉಬ್ಬು ಇತ್ತು. ಹತ್ತಿ ಕಡ್ಡಿ ತಾಗಿಸಿದ ಕೂಡಲೇ ಜಿನುಗಿತು. ಇದಕ್ಕೆ ಗ್ರ್ಯಾನ್ಯುಲೇಶನ್ ಅನ್ನುತ್ತಾರೆ. ಗಾಯ ಮಾಯುವಾಗ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದ ಹಸಿ ಮಾಂಸ. ಕಿವಿ ಚುಚ್ಚಿಸಿದ ಜಾಗದಲ್ಲಿ ಕೆಲವು ಮಕ್ಕಳಿಗೆ ಕೆಂಪು ಗುಳ್ಳೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಒಂದು ಚೂರು ಬಯಾಪ್ಸಿಗೆ ಕಳಿಸಿ, ಉಳಿದದ್ದನ್ನು ಸುಡಲು ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿದೆವು. ಅರವಳಿಕೆ ಬೇಕಾಗಲಿಲ್ಲ, ಐದು ನಿಮಿಷದ ಕೆಲಸ. ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿದ ಮೇಲೆ ಕಲೆ ನಿಂತಿತು. ಕೋಪದ ವಾರ ಮಾತ್ರ 26 ದಿನಕ್ಕೊಮ್ಮೆ ತಪ್ಪದೆ ಬರುತ್ತಲೇ ಇತ್ತು. ರಕ್ತಕ್ಕೂ ಮನಸ್ಸಿಗೂ ಸಂಬಂಧ ಇರಲಿಲ್ಲ ಅನ್ನುವುದು ಇದರಿಂದ ಇನ್ನೂ ಸ್ಪಷ್ಟವಾಯಿತು.

ಎಲ್ಲ ಕೆಂಪು ಉಬ್ಬೂ ಇಷ್ಟು ಸಾಧು ಅಲ್ಲ. ಟ್ಯೂಬ್ ಉಳಿಸಿದ್ದರೆ ಅದರ ತುದಿ ಹೊಲಿಗೆಯ ಸಂದಿಯಿಂದ ಇಣುಕುವುದುಂಟು. ನೋಡಲು ಥೇಟ್ ಇದೇ ಥರ. ಆದರೆ ನೀರು ನೀರಾಗಿ ಸ್ರಾವ ಇರುತ್ತದೆ, ಮುಟ್ಟಿದರೆ ಹೊಟ್ಟೆಯೊಳಗೆ ಎಳೆದ ಹಾಗೆ ನೋವಾಗುತ್ತದೆ, ಎಷ್ಟು ಸಲ ಸಿಲ್ವರ್ ನೈಟ್ರೇಟ್ ಹಚ್ಚಿದರೂ ಹೋಗುವುದಿಲ್ಲ. ಎಂಡೊಮೆಟ್ರಿಯೋಸಿಸ್ ಹೊಲಿಗೆಯ ಜಾಗದಲ್ಲಿ ಕೂತಿದ್ದರೆ ಅದು ನಿಜವಾಗಿಯೂ ತಿಂಗಳಿಗೊಮ್ಮೆ, ಮುಟ್ಟಿನ ದಿನಕ್ಕೇ ರಕ್ತ ಕೊಡಬಲ್ಲದು. ಅಂದರೆ ಕಲೆ ತಿಂಗಳ ಲೆಕ್ಕಕ್ಕೆ ಸರಿಯಾಗಿ ಬಂದರೂ "ಹಾಗಾದರೆ ಸಹಜ" ಅನ್ನುವಂತಿಲ್ಲ. ವಯಸ್ಸಾದ ಮೇಲೆ ಯೋನಿ ಒಣಗಿ ತೆಳುವಾಗಿಯೂ ರಕ್ತ ಬರಬಹುದು. ಅಪರೂಪಕ್ಕೆ ಕ್ಯಾನ್ಸರ್ ಇರುತ್ತದೆ. ಗರ್ಭಕೋಶ ತೆಗೆದದ್ದೇ ಕ್ಯಾನ್ಸರಿಗೋ ಅದರ ಮುಂಚಿನ ಹಂತಕ್ಕೋ ಆಗಿದ್ದರೆ ಮೊದಲ ಕಲೆಗೇ ಓಡಿ ಬನ್ನಿ. ಬಯಾಪ್ಸಿಗೆ ಕಳಿಸುವುದು ಇದಕ್ಕೇ, ನಿಮ್ಮನ್ನು ಹೆದರಿಸಲು ಅಲ್ಲ.

ನನಗೆ ನಿಜವಾಗಿಯೂ ತಿಂಗಳು ತಿಂಗಳೂ ಎರಡು ದಿನ ಸ್ವಲ್ಪ ಆಗುತ್ತೆ. ಡಾಕ್ಟರ್ "ಪರವಾಗಿಲ್ಲ" ಅಂದ್ರು. ನೀವು ಆಗಲ್ಲ ಅಂತೀರಿ.

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಆಪರೇಷನ್ ಹೆಸರಿನಲ್ಲಿ "ಟೋಟಲ್" ಅಂತಿದೆಯಾ, "ಸಬ್‌ಟೋಟಲ್" ಅಥವಾ "ಸುಪ್ರಾಸರ್ವೈಕಲ್" ಅಂತಿದೆಯಾ? ಎರಡನೆಯದಾಗಿದ್ದರೆ ಗರ್ಭಕೋಶದ ಬಾಯಿಯನ್ನು ಉಳಿಸಿದ್ದಾರೆ. ಆ ಬಾಯಿಯ ಮೇಲ್ಭಾಗದಲ್ಲಿ ಒಳಪದರ ಒಂದಿಷ್ಟು ಉಳಿದಿದ್ದರೆ, ಓವರಿ ಕರೆದಾಗ ಅದು ಓಗೊಡುತ್ತದೆ. ತಿಂಗಳಿಗೊಮ್ಮೆ ಒಂದೆರಡು ದಿನ, ಪ್ಯಾಡ್ ಬೇಕಾಗದಷ್ಟು ಕಲೆ. ಹೀಗೆ ಆಪರೇಷನ್ ಆದವರಲ್ಲಿ ಇದು ಅಪರೂಪವೇನಲ್ಲ. ನಿಮ್ಮ ಡಾಕ್ಟರ್ ಪರೀಕ್ಷೆ ಮಾಡಿ "ಪರವಾಗಿಲ್ಲ" ಅಂದಿದ್ದರೆ ಅದು ಸರಿ.

ಇಂಥವರು ಎರಡು ವಿಷಯ ಮರೆಯಬಾರದು. ಗರ್ಭಕೋಶದ ಬಾಯಿ ಇರುವವರೆಗೆ ಅದರ ಕ್ಯಾನ್ಸರ್ ತಪಾಸಣೆಯೂ ಇರಬೇಕು. "ಗರ್ಭಕೋಶ ತೆಗೆದಾಯ್ತಲ್ಲ" ಅಂತ ಪ್ಯಾಪ್ ಟೆಸ್ಟ್ ಬಿಡುವಂತಿಲ್ಲ. ಮತ್ತೆ, ಲೆಕ್ಕ ತಪ್ಪಿ ಬಂದ ರಕ್ತ, ಸೇರಿದ ಮೇಲೆ ಬಂದ ರಕ್ತ, ವರ್ಷಗಟ್ಟಲೆ ನಿಂತು ಮತ್ತೆ ಬಂದ ರಕ್ತ, ಇವು ಯಾವುವೂ "ಪರವಾಗಿಲ್ಲ" ಪಟ್ಟಿಗೆ ಸೇರುವುದಿಲ್ಲ.

ಚೀಟಿ ಕಳೆದುಹೋಗಿದ್ದರೆ? ಒಳಗೆ ಒಮ್ಮೆ ನೋಡಿದರೆ ಬಾಯಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ರಕ್ತ ಎಲ್ಲಿಂದ ಬಂತು ಅಂತಲೇ ಗೊತ್ತಾಗಲ್ಲ.

ಮೂರು ದಾರಿ ಪಕ್ಕಪಕ್ಕ ಇವೆ, ಗೊಂದಲ ಸಹಜ. ಒಂದು ಶುಭ್ರ ಪಾತ್ರೆಯಲ್ಲಿ ಮೂತ್ರ ಹಿಡಿದು ಬಣ್ಣ ನೋಡಿ. ಮಲಕ್ಕೆ ಹೋದ ಮೇಲೆ ಮಾತ್ರ ಕಾಣುತ್ತದಾ ಗಮನಿಸಿ, ಮೂಲವ್ಯಾಧಿ ಇರಬಹುದು. ಎರಡೂ ಅಲ್ಲದೆ ಬಿಳಿ ಬಟ್ಟೆಗೆ ಕಲೆ ಆದರೆ ಯೋನಿಯದ್ದು. ಮೂತ್ರದಲ್ಲಿ ರಕ್ತ ಕಂಡರೆ ಅದಕ್ಕೂ ಪರೀಕ್ಷೆ ಬೇಕು, ಅದು ಈ ಪುಟದ ವಿಷಯ ಅಲ್ಲ ಅಷ್ಟೇ.

ಯಾವಾಗ ಕಾಯಬಾರದು?

ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ. ಗಡ್ಡೆ ಗಡ್ಡೆಯಾಗಿ ಬರುವುದು. ತಲೆಸುತ್ತು. ಜ್ವರದ ಜೊತೆ ವಾಸನೆಯ ಸ್ರಾವ. ಇವಕ್ಕೆ ರಾತ್ರಿಯಾದರೂ ಸರಿ, ಹೊರಡಿ.

ಇನ್ನೊಂದು ಅಪರೂಪದ್ದು, ಆದರೆ ಗೊತ್ತಿರಬೇಕು. ಸೇರಿದ ಮೇಲೆ ಅಥವಾ ಭಾರ ಎತ್ತಿದ ಮೇಲೆ, ಅಪರೂಪಕ್ಕೆ ಯಾವ ಕಾರಣವೂ ಇಲ್ಲದೆ, ಹಠಾತ್ತನೆ ನೋವು, ನೀರು ಅಥವಾ ರಕ್ತ ಸುರಿದ ಅನುಭವ, ಕೆಳಗೆ ಏನೋ ಇಳಿದ ಹಾಗೆ ಆಗಬಹುದು. ಯೋನಿಯ ಮೇಲ್ತುದಿಯ ಹೊಲಿಗೆ ಬಿಟ್ಟು ಕರುಳು ಜಾರಿರುವ ಸಾಧ್ಯತೆ ಇದೆ. ಆಪರೇಷನ್ ಆಗಿ ತಿಂಗಳುಗಳಾದ ಮೇಲೂ ಹೀಗಾಗಬಹುದು. ಒಳಗೆ ತಳ್ಳಲು ಹೋಗಬೇಡಿ. ಮಲಗಿ, ಶುಭ್ರ ಬಟ್ಟೆ ಒದ್ದೆ ಮಾಡಿ ಮುಚ್ಚಿ, ಏನೂ ತಿನ್ನದೆ ಕುಡಿಯದೆ 108ಕ್ಕೆ ಫೋನ್ ಮಾಡಿಸಿ.

ಮನಸ್ಸಿನ ಏರುಪೇರಿಗೆ ಔಷಧ ಇದೆಯಾ?

ಇದೆ. ಕೆಲವರಿಗೆ ಕಾರಣ ಗೊತ್ತಾಗಿದ್ದೇ ಸಾಕಾಗುತ್ತದೆ. ಟೀಚರ್ ಕೂಡ ಮೊದಲ ಮೂರು ತಿಂಗಳು ಬೇರೇನೂ ತಗೊಳ್ಳಲಿಲ್ಲ. ಉತ್ತರ ಪತ್ರಿಕೆ ತಿದ್ದುವ ಕೆಲಸವನ್ನು ಆ ವಾರಕ್ಕೆ ಇಟ್ಟುಕೊಳ್ಳುವುದನ್ನು ಬಿಟ್ಟರು, ಅಷ್ಟೇ. ಆಮೇಲೂ ಕಷ್ಟವಾದಾಗ ಸರ್ಟ್ರಾಲಿನ್ ಗುಂಪಿನ ಮಾತ್ರೆ ಶುರು ಮಾಡಿದೆವು. ಖಿನ್ನತೆಗೆ ಕೊಡುವ ಈ ಮಾತ್ರೆ ಅಲ್ಲಿ ಕೆಲಸ ಶುರು ಮಾಡಲು ವಾರಗಳು ಬೇಕು. ಇಲ್ಲಿ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಹಾಗಾಗಿ ಕೆಲವರಿಗೆ ದಿನಾ, ಕೆಲವರಿಗೆ ಕೆಟ್ಟ ಎರಡು ವಾರ ಮಾತ್ರ ಕೊಡುವುದುಂಟು. ಎರಡು ವಾರದ ಲೆಕ್ಕಕ್ಕೆ ನಿಮ್ಮ ಕ್ಯಾಲೆಂಡರೇ ಆಧಾರ.

ಇನ್ನೊಂದು ದಾರಿ ಅಂಡ ಬಿಡುಗಡೆಯನ್ನೇ ನಿಲ್ಲಿಸುವುದು, ಗರ್ಭನಿರೋಧಕ ಮಾತ್ರೆಯಿಂದಲೋ, ಓವರಿಯ ಇನ್ನೊಂದು ಹಾರ್ಮೋನಾದ ಈಸ್ಟ್ರೋಜನ್ ಇರುವ, ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದಲೋ. ಬಿಪಿ, ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಲ್ಲಿ ಇದು ಎಲ್ಲರಿಗೂ ಒಗ್ಗುವುದಿಲ್ಲ. ಗರ್ಭಕೋಶ ಪೂರ್ತಿ ಇಲ್ಲದವರಿಗೆ ಇಲ್ಲೊಂದು ಅನುಕೂಲ ಇದೆ: ಈಸ್ಟ್ರೋಜನ್ ಜೊತೆಗೆ ಒಳಪದರ ಕಾಯಲು ಪ್ರೊಜೆಸ್ಟರಾನ್ ಸೇರಿಸಬೇಕಿಲ್ಲ. ಎಷ್ಟೋ ಜನರ ಮನಸ್ಸು ಕೆಡಿಸುವುದು ಅದೇ ತಾನೆ. ಗರ್ಭಕೋಶದ ಬಾಯಿ ಉಳಿದವರಿಗೆ, ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಈ ಅನುಕೂಲ ಇಲ್ಲದಿರಬಹುದು, ಅದಕ್ಕೇ ಚೀಟಿ ಮುಖ್ಯ ಅಂದದ್ದು.

ಆ ದಿನಗಳಲ್ಲಿ "ಬದುಕೇ ಬೇಡ" ಅನ್ನಿಸುತ್ತಿದ್ದರೆ ಮೂರು ಸುತ್ತು ಬರೆಯುತ್ತ ಕೂರಬೇಡಿ. ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯವರು ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ಮಾತಾಡಬಹುದು.

ಇಷ್ಟೆಲ್ಲ ಯಾಕೆ, ಓವರಿನೂ ತೆಗೆಸಿಬಿಟ್ಟರೆ?

ತಿಂಗಳ ಏರಿಳಿತ ನಿಲ್ಲುತ್ತದೆ, ನಿಜ. ಬದಲಿಗೆ ಆ ರಾತ್ರಿಯಿಂದಲೇ ಮುಟ್ಟು ನಿಂತವರ ಸ್ಥಿತಿ: ಮೈ ಬಿಸಿ, ಬೆವರು, ನಿದ್ದೆಯಿಲ್ಲ. ನಲವತ್ತೈದರ ಒಳಗೆ ತೆಗೆಸಿ ಹಾರ್ಮೋನೂ ತಗೊಳ್ಳದಿದ್ದರೆ ಮೂಳೆ ಸವೆತ ಮತ್ತು ಹೃದಯದ ಕಾಯಿಲೆಯ ಅಪಾಯ ಜಾಸ್ತಿ. ಹಾಗಾಗಿ ಇದು ಕೊನೆಯ ಮೆಟ್ಟಿಲು. ಅಲ್ಲಿಗೆ ಹೋಗುವ ಮುಂಚೆ ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್ ಕೊಟ್ಟು ಕೆಲವು ತಿಂಗಳು ಓವರಿಯನ್ನು ಮಲಗಿಸಿ ನೋಡುತ್ತಾರೆ. ಆಗಲೂ ಕೋಪ, ನೋವು ಹಾಗೇ ಇದ್ದರೆ ಓವರಿ ತೆಗೆಸಿಯೂ ಪ್ರಯೋಜನವಿಲ್ಲ ಅಂತ ಆಪರೇಷನ್ ಇಲ್ಲದೆಯೇ ಗೊತ್ತಾಗುತ್ತದೆ. ಓವರಿ ಅಂಟಿಕೊಂಡು ನೋವಾಗುತ್ತಿದ್ದರೆ ಮಾತ್ರ ಆ ಒಂದು ಪಕ್ಕದ್ದನ್ನು ಬಿಡಿಸುವ ಅಥವಾ ತೆಗೆಯುವ ಮಾತು ಬೇಗ ಬರಬಹುದು.

ಮುಟ್ಟಿಲ್ಲದ ಮೇಲೆ ಮುಟ್ಟು ನಿಲ್ಲುವ ಕಾಲ ಬಂತು ಅಂತ ತಿಳಿಯೋದು ಹೇಗೆ?

ಅದೇ ಕ್ಯಾಲೆಂಡರ್. ಸುತ್ತುಗಳ ನಡುವಿನ ಅಂತರ ಮೊದಲು ಅಡ್ಡಾದಿಡ್ಡಿ ಆಗುತ್ತದೆ: 26 ಇದ್ದದ್ದು 21, 38, 50. ಆಮೇಲೆ ಎದೆ ಭಾರದ ದಿನಗಳೇ ಬರುವುದಿಲ್ಲ, ಬದಲಿಗೆ ಮೈ ಬಿಸಿ, ರಾತ್ರಿ ಬೆವರು ಶುರುವಾಗುತ್ತವೆ. ಓವರಿ ಉಳಿಸಿದ್ದರೂ ಗರ್ಭಕೋಶ ತೆಗೆಸಿದವರಲ್ಲಿ ಈ ಕಾಲ ಉಳಿದವರಿಗಿಂತ ಸ್ವಲ್ಪ ಬೇಗ ಬರುವುದುಂಟು. ನಲವತ್ತೈದರ ಒಳಗೇ ಹೀಗಾದರೆ, ಓವರಿಗೆ ಮೆದುಳು ಕಳಿಸುವ ಎಫ್‌ಎಸ್‌ಎಚ್ ಹಾರ್ಮೋನಿನ ರಕ್ತ ಪರೀಕ್ಷೆ ಮಾಡಿಸಿ, ನಾಲ್ಕಾರು ವಾರ ಬಿಟ್ಟು ಇನ್ನೊಮ್ಮೆ. ಒಂದೇ ಸಲದ ಅಂಕಿಯನ್ನು ನಂಬುವಂತಿಲ್ಲ, ಈ ವಯಸ್ಸಿನಲ್ಲಿ ಅದು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ.